ಶಾಲಾ ಭಾವಚಿತ್ರಗಳಲ್ಲಿ ಏಕರೂಪತೆ: ಕಾಲರ್, ಟೈ ಮತ್ತು ಬ್ಯಾಡ್ಜ್‌ಗಳ ಜೋಡಣೆ

ಶಾಲೆಗಳು ಆರಂಭವಾದೊಡನೆ ಗುರುತಿನ ಚೀಟಿಯ ಭಾವಚಿತ್ರಗಳ ಕೆಲಸವು ಸ್ಟುಡಿಯೋಗಳಿಗೆ ಬರುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂತಹ ಹೋಬಳಿ ಕೇಂದ್ರಗಳಲ್ಲಿ ಆ ವೇಳೆಗೆ ಎಲ್ಲ ಮಕ್ಕಳ ಸಮವಸ್ತ್ರವೂ ಸಿದ್ಧವಾಗಿರುವುದಿಲ್ಲ. ಟೈ ಇಲ್ಲದೆ ನಿಂತ ಮಗುವಿನ ಕೊರತೆಯು ವರ್ಷವಿಡೀ ಅದರ ಕೊರಳಿನ ಚೀಟಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಶಾಲೆಗಳು ಏಕರೂಪದ ಚಿತ್ರಗಳನ್ನು ಅಪೇಕ್ಷಿಸುತ್ತವೆ. ಈ ಕೆಲಸವನ್ನು ಕಡಿಮೆ ಶ್ರಮದಲ್ಲಿ, ದೋಷವಿಲ್ಲದೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಉದಾಹರಣೆಗೆ, 40 ಮಕ್ಕಳ ಒಂದು ತರಗತಿಯನ್ನು ತೆಗೆದುಕೊಳ್ಳೋಣ. 28 ಮಕ್ಕಳು ಪೂರ್ಣ ಸಮವಸ್ತ್ರದಲ್ಲಿದ್ದಾರೆ. 6 ಮಕ್ಕಳಿಗೆ ಟೈ ಇಲ್ಲ, 4 ಮಕ್ಕಳು ಬಣ್ಣದ ಟೀ ಶರ್ಟ್ ಧರಿಸಿದ್ದಾರೆ, ಇನ್ನಿಬ್ಬರು ಕಳೆದ ವರ್ಷದ ತಂಡದ ಕೆಂಪು ಬ್ಯಾಡ್ಜ್ ಹಾಕಿಕೊಂಡು ಬಂದಿದ್ದಾರೆ.

ಚಿತ್ರ ತೆಗೆಯುವಾಗ

ಟೈ ಇಲ್ಲದ ಆರು ಮಕ್ಕಳಿಗೆ ಕಂಪ್ಯೂಟರಿನ ಅಗತ್ಯವೇ ಇಲ್ಲ. ಎಲಾಸ್ಟಿಕ್ ಇರುವ ಎರಡು ಟೈಗಳನ್ನು ಶಾಲೆಯಿಂದ ಪಡೆದು, ಸರದಿಯಂತೆ ಹಾಕಿಸಿದರೆ ಸಾಕು. ಉಳಿದವರಿಗಾಗಿ, ಪೂರ್ಣ ಸಮವಸ್ತ್ರದಲ್ಲಿರುವ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯ ಚಿತ್ರವನ್ನು ಮಾದರಿಯಾಗಿ ಆರಿಸಿಕೊಳ್ಳಬೇಕು. ಕ್ಯಾಮೆರಾದ ದೂರ, ದೀಪದ ಸ್ಥಾನ, ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಬದಲಿಸಬಾರದು. ಇವುಗಳನ್ನು ಕ್ಯಾಮೆರಾದ ಸ್ವಯಂಚಾಲನೆಗೆ ಬಿಟ್ಟರೆ ಒಂದು ಅಂಗಿಯ ಬಿಳುಪು ನೀಲಿಯಾಗಿಯೂ ಇನ್ನೊಂದರದು ಹಳದಿಯಾಗಿಯೂ ಬರುತ್ತದೆ. ಅಂತಹ ಚಿತ್ರಗಳ ನಡುವೆ ಬದಲಿಸಿದ ಕಾಲರ್ ಎದ್ದು ಕಾಣುತ್ತದೆ.

ಕಾಲರ್ ಕೂಡಿಸುವುದು

ಮಾದರಿ ಚಿತ್ರದಿಂದ ಕಾಲರ್, ಟೈ ಮತ್ತು ಭುಜದವರೆಗಿನ ಅಂಗಿಯನ್ನು ಫೋಟೋಶಾಪ್‌ನ `Pen Tool` ಬಳಸಿ ಕತ್ತರಿಸಬೇಕು. ಕಾಲರಿನ ಒಳ ಅಂಚಿನ ಮೇಲೆಯೇ ಕತ್ತರಿಸುವುದು ಮುಖ್ಯ. ಮಾದರಿ ಮಗುವಿನ ಕುತ್ತಿಗೆಯ ಚರ್ಮ ಸ್ವಲ್ಪ ಸೇರಿದರೂ ಅದು ಇನ್ನೊಂದು ಮಗುವಿನ ಮೈಬಣ್ಣದೊಡನೆ ಹೊಂದುವುದಿಲ್ಲ.

ಈ ತುಂಡನ್ನು ಒಂದೇ ಪದರವಾಗಿ ಅಂಟಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಕಾಲರ್ ಕುತ್ತಿಗೆಯನ್ನು ಸುತ್ತಿಕೊಂಡಿರುತ್ತದೆ. ಆದುದರಿಂದ ಕಾಲರಿನ ಹಿಂಭಾಗವು ಕುತ್ತಿಗೆಯ ಹಿಂದೆ, ಮುಂಭಾಗ ಮತ್ತು ಟೈ ಕುತ್ತಿಗೆಯ ಮುಂದೆ ಬರುವಂತೆ ಎರಡು ಪದರಗಳನ್ನು ಮಾಡಬೇಕು. `Free Transform` ಮೂಲಕ ಅಳತೆ ಹೊಂದಿಸಿ, ಜಡೆ ಭುಜದ ಮೇಲೆ ಬಿದ್ದಿದ್ದರೆ `Layer Mask`ನಿಂದ ಅದನ್ನು ಮುಂದಕ್ಕೆ ತರಬೇಕು. ಕೊನೆಯಲ್ಲಿ ಗದ್ದದ ಕೆಳಗಿನ ನೆರಳನ್ನು `Multiply` ಪದರದಲ್ಲಿ ತೆಳುವಾಗಿ ಎಳೆಯಬೇಕು. ನೆರಳಿಲ್ಲದಿದ್ದರೆ ತಲೆಯು ಅಂಗಿಯ ಮೇಲೆ ತೇಲಿದಂತೆ ಕಾಣುತ್ತದೆ.

ಮಗುವಿನ ಭುಜ ಎದುರು ಬದಿಗೆ ವಾಲಿದೆಯೆಂದು ಮಾದರಿಯನ್ನು ಎಡಬಲ ತಿರುಗಿಸಬಾರದು. ಹಾಗೆ ಮಾಡಿದರೆ ಜೇಬು ಬಲಕ್ಕೆ ಹೋಗುತ್ತದೆ, ಬ್ಯಾಡ್ಜ್‌ನ ಅಕ್ಷರಗಳು ಹಿಂದುಮುಂದಾಗುತ್ತವೆ, ಬೆಳಕಿನ ದಿಕ್ಕೂ ತಪ್ಪುತ್ತದೆ. ಹುಡುಗರ ಮತ್ತು ಹುಡುಗಿಯರ ಅಂಗಿಗಳ ಗುಂಡಿಪಟ್ಟಿ ಸಾಮಾನ್ಯವಾಗಿ ಎದುರುಬದುರು ಇರುವುದರಿಂದಲೇ ಎರಡು ಮಾದರಿಗಳು ಬೇಕು. ಕುತ್ತಿಗೆಯನ್ನು ಪೂರ್ಣವಾಗಿ ಮುಚ್ಚುವ ಉಡುಪಿದ್ದರೆ ಈ ವಿಧಾನ ಫಲಿಸದು. ಅಂಗಿ ದೊರೆತ ದಿನ ಮತ್ತೆ ಚಿತ್ರ ತೆಗೆಯುವುದೇ ಸರಿಯಾದ ಮಾರ್ಗ.

ಬ್ಯಾಡ್ಜ್ ಬಣ್ಣ

ಬ್ಯಾಡ್ಜನ್ನು ಮಾತ್ರ ಆಯ್ಕೆ ಮಾಡಿ `Hue/Saturation` ತೆರೆದು, `Hue` ಅಂಕಿಯನ್ನು -120ಕ್ಕೆ ತಂದರೆ ಕೆಂಪು ನೀಲಿಯಾಗುತ್ತದೆ, +120ಕ್ಕೆ ಹಸಿರಾಗುತ್ತದೆ. ಬಿಳಿ ಅಕ್ಷರಗಳಲ್ಲಿ ಬಣ್ಣವಿಲ್ಲದ ಕಾರಣ ಅವು ಹಾಗೆಯೇ ಉಳಿಯುತ್ತವೆ. `Colorize` ಗುರುತನ್ನು ಹಾಕಿದರೆ ಮಾಸಲು ಬಿಳುಪಿಗೂ ಬಣ್ಣ ಏರುತ್ತದೆ. ಆದರೆ +60ಕ್ಕೆ ತಂದಾಗ ಗಾಢ ಕೆಂಪು ಶುದ್ಧ ಹಳದಿಯಾಗದೆ ಮಂಕಾದ ಪಾಚಿಬಣ್ಣವಾಗುತ್ತದೆ. ವರ್ಣ ಬದಲಾದರೂ ಗಾಢತೆ ಹಾಗೆಯೇ ಉಳಿಯುವುದು ಇದಕ್ಕೆ ಕಾರಣ. ಹಳದಿ ತಂಡಕ್ಕೆ ನಿಜವಾದ ಹಳದಿ ಬ್ಯಾಡ್ಜ್‌ನ ಚಿತ್ರವನ್ನೇ ತೆಗೆದು ಕೂಡಿಸುವುದು ಉತ್ತಮ.

ಮಿತಿ ಮತ್ತು ಪರಿಶೀಲನೆ

ಬ್ಯಾಡ್ಜ್ ಕೇವಲ ಅಲಂಕಾರವಲ್ಲ; ಅದು ಮಗು ಯಾವ ತಂಡದ್ದು, ಯಾರು ತರಗತಿಯ ನಾಯಕರು ಎಂಬುದನ್ನು ತಿಳಿಸುವ ಗುರುತು. ಆದುದರಿಂದ ಮುಖ್ಯೋಪಾಧ್ಯಾಯರು ಸಹಿ ಮಾಡಿದ, ಕ್ರಮಸಂಖ್ಯೆಸಹಿತವಾದ ಪಟ್ಟಿಯಿಲ್ಲದೆ ಯಾವುದೇ ಬಣ್ಣವನ್ನು ಬದಲಿಸಬಾರದು. ಮುಖ, ಮೈಬಣ್ಣ, ಹಣೆಯ ವಿಭೂತಿ ಅಥವಾ ಕುಂಕುಮವನ್ನು ಮುಟ್ಟಲೇಬಾರದು. ಪರೀಕ್ಷಾ ನೋಂದಣಿಗೆ ಮೂಲ ಚಿತ್ರವನ್ನೇ ಒದಗಿಸುವುದು ಕ್ಷೇಮ. ಅದಕ್ಕಾಗಿ ಮೂಲ ಕಡತವನ್ನು ಪ್ರತ್ಯೇಕವಾಗಿ ಕಾಯ್ದಿಡಬೇಕು.

ಮುದ್ರಣಕ್ಕೆ ಮುನ್ನ 40 ಚಿತ್ರಗಳನ್ನೂ ಚೀಟಿಯ ನಿಜ ಅಳತೆಯಲ್ಲಿ ಒಂದೇ ಹಾಳೆಯ ಮೇಲೆ ಮುದ್ರಿಸಿ ನೋಡಬೇಕು. ಟೈಯ ಪಟ್ಟೆಗಳ ಓರೆ, ಅಂಗಿಯ ಬಿಳುಪು, ಗದ್ದದ ನೆರಳು ಈ ಮೂರನ್ನು ಸಾಲಾಗಿ ಹೋಲಿಸಿದರೆ ಸಾಕು. ತಿದ್ದಿದ ಆರು ಚಿತ್ರಗಳು ಯಾವುವೆಂದು ತರಗತಿಯ ಶಿಕ್ಷಕರು ಗುರುತಿಸಲಾರದಿದ್ದರೆ ಕೆಲಸ ಮುಗಿಯಿತೆಂದು ತಿಳಿಯಬಹುದು.