ಸ್ತರವೋ, ಗುಚ್ಛವೋ, ಕೋಟಾವೋ?

ಕೆ-ಸೆಟ್, ನೆಟ್ ಪರೀಕ್ಷೆಗಳ ಸಂಶೋಧನಾ ವಿಭಾಗದಲ್ಲಿ ಸನ್ನಿವೇಶ ಕೊಟ್ಟು ಮಾದರಿ ಆಯ್ಕೆಯ ವಿಧಾನವನ್ನು ಗುರುತಿಸಲು ಕೇಳುವುದುಂಟು. ಸ್ತರೀಕೃತ, ಗುಚ್ಛ ಮತ್ತು ಕೋಟಾ ಮಾದರಿಗಳ ನಡುವೆ ಗೊಂದಲ ಹೆಚ್ಚು. ಏಕೆಂದರೆ ಮೂರರಲ್ಲೂ ಗುಂಪುಗಳಿರುತ್ತವೆ.

ಕೆಳಗಿನ ಪ್ರಶ್ನೆಗಳಿಗೆ ಆಯ್ಕೆಗಳು ಒಂದೇ: (ಅ) ಸ್ತರೀಕೃತ (ಆ) ಗುಚ್ಛ (ಇ) ಕೋಟಾ (ಈ) ವ್ಯವಸ್ಥಿತ.

1. ಕಾಲೇಜೊಂದರಲ್ಲಿ ಕಲಾ 600, ವಾಣಿಜ್ಯ 300, ವಿಜ್ಞಾನ 100 ವಿದ್ಯಾರ್ಥಿಗಳಿದ್ದಾರೆ. ಪ್ರತಿ ವಿಭಾಗದ ಪಟ್ಟಿಯಿಂದ ಚೀಟಿ ಎತ್ತಿ ಕ್ರಮವಾಗಿ 60, 30, 10 ಮಂದಿಯನ್ನು ಆರಿಸಲಾಯಿತು.

ಉತ್ತರ: (ಅ). ಎಲ್ಲ ಗುಂಪುಗಳಿಗೂ ಪ್ರಾತಿನಿಧ್ಯವಿದೆ. ಪ್ರತಿ ಗುಂಪಿನೊಳಗೆ ಕೆಲವರನ್ನು ಮಾತ್ರ ಯಾದೃಚ್ಛಿಕವಾಗಿ ಆರಿಸಲಾಗಿದೆ.

2. ತಾಲ್ಲೂಕಿನ 80 ಹಳ್ಳಿಗಳ ಪೈಕಿ 8 ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿನ ಎಲ್ಲ ಮನೆಗಳ ಸಮೀಕ್ಷೆ ನಡೆಸಲಾಯಿತು.

ಉತ್ತರ: (ಆ). ಇಲ್ಲಿ ಚೀಟಿ ಎತ್ತಿದ್ದು ಹಳ್ಳಿಗಳಿಗೆ, ಮನೆಗಳಿಗಲ್ಲ. ಓಡಾಟದ ಖರ್ಚು ಉಳಿಯುತ್ತದೆ. ಆದರೆ ಒಂದೇ ಹಳ್ಳಿಯ ಮನೆಗಳು ಪರಸ್ಪರ ಹೋಲುವುದರಿಂದ ಅಂದಾಜಿನ ನಿಖರತೆ ಸಾಮಾನ್ಯವಾಗಿ ತಗ್ಗುತ್ತದೆ.

3. ಸಂತೆಯಲ್ಲಿ ಎದುರಾದವರನ್ನು ಮಾತನಾಡಿಸುತ್ತ, 50 ಗಂಡಸರು ಮತ್ತು 50 ಹೆಂಗಸರು ಆದೊಡನೆ ಸಮೀಕ್ಷಕರು ನಿಲ್ಲಿಸಿದರು.

ಉತ್ತರ: (ಇ). ನಿಗದಿತ ಸಂಖ್ಯೆ ಕಂಡು (ಅ) ಎಂದು ಬರೆದರೆ ತಪ್ಪು. ಇಲ್ಲಿ ಪಟ್ಟಿಯೂ ಇಲ್ಲ, ಚೀಟಿಯೂ ಇಲ್ಲ. ಯಾರನ್ನು ಮಾತನಾಡಿಸಬೇಕೆಂಬುದು ಸಮೀಕ್ಷಕರ ಇಷ್ಟಕ್ಕೆ ಬಿಟ್ಟದ್ದು.

ಉತ್ತರ ಗುರುತಿಸುವಾಗ ಮೊದಲು ಆಯ್ಕೆ ಯಾದೃಚ್ಛಿಕವೇ ಎಂದು ನೋಡಬೇಕು. ಹೌದಾದರೆ, ಎಲ್ಲ ಗುಂಪುಗಳೂ ಮಾದರಿಯಲ್ಲಿವೆಯೇ, ಕೆಲವು ಮಾತ್ರವೇ ಎಂದು ಪರಿಶೀಲಿಸಬೇಕು.