ಹನ್ನೊಂದು ಡಾಲರಿನ ಲೆಕ್ಕ

1973ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯಲ್ಲಿ ಕೆಲವೇ ಪುಟಗಳ ಒಂದು ವರದಿ ತಯಾರಾಯಿತು. ಅಪಘಾತದಲ್ಲಿ ಕಾರು ಮಗುಚಿದಾಗ ಪೆಟ್ರೋಲ್ ಸೋರಿ ಬೆಂಕಿ ಹತ್ತದಂತೆ ತಡೆಯುವ ಭಾಗವನ್ನು ಪ್ರತಿ ವಾಹನಕ್ಕೂ ಅಳವಡಿಸಬೇಕೆ ಎಂಬುದು ಅದರ ಪ್ರಶ್ನೆ. ಖರ್ಚು ಒಂದು ವಾಹನಕ್ಕೆ 11 ಡಾಲರ್. ಉತ್ತರ ಹುಡುಕಲು ವರದಿ ಬರೆದವರು ಒಂದು ಕಡೆ ಖರ್ಚನ್ನು, ಇನ್ನೊಂದು ಕಡೆ ಉಳಿಯುವ ಜೀವಗಳನ್ನು ಬರೆದು ಕೂಡಿದರು. ವ್ಯಾಪಾರದ ನೀತಿಶಾಸ್ತ್ರ ಕಲಿಸುವ ತರಗತಿಗಳಲ್ಲಿ ಇವತ್ತಿಗೂ ಈ ಹಾಳೆಯನ್ನು ಬಿಡಿಸಿ ತೋರಿಸುತ್ತಾರೆ.

ಲೆಕ್ಕ ಹೀಗಿತ್ತು. ಆ ಕಾಲದಲ್ಲಿ ಅಮೆರಿಕದಲ್ಲಿ ಎಲ್ಲ ಕಂಪನಿಗಳದ್ದೂ ಸೇರಿ ವರ್ಷಕ್ಕೆ ಸುಮಾರು 1.1 ಕೋಟಿ ಕಾರು ಮತ್ತು 15 ಲಕ್ಷ ಸಣ್ಣ ಟ್ರಕ್ಕುಗಳು ಮಾರಾಟವಾಗುತ್ತಿದ್ದವು. ಪ್ರತಿಯೊಂದಕ್ಕೂ 11 ಡಾಲರ್ ಎಂದರೆ ಒಟ್ಟು ಖರ್ಚು 13.75 ಕೋಟಿ ಡಾಲರ್. ಇದರಿಂದ ತಪ್ಪುವ ಹಾನಿ: ಬೆಂಕಿಯಲ್ಲಿ 180 ಸಾವು, 180 ಗಂಭೀರ ಸುಟ್ಟಗಾಯ, ಸುಟ್ಟುಹೋಗುವ 2,100 ವಾಹನ. ಒಂದು ಸಾವಿಗೆ 2 ಲಕ್ಷ ಡಾಲರ್, ಒಂದು ಗಾಯಕ್ಕೆ 67 ಸಾವಿರ, ಒಂದು ವಾಹನಕ್ಕೆ 700 ಡಾಲರ್ ಬೆಲೆ ಹಾಕಿದರು. ಕೂಡಿದಾಗ ಬಂದದ್ದು 4.95 ಕೋಟಿ ಡಾಲರ್. ಖರ್ಚು ಲಾಭದ ಎರಡೂಮುಕ್ಕಾಲು ಪಟ್ಟು. ಹಾಗಾಗಿ ಈ ಸುಧಾರಣೆ ಮಾಡುವುದು ತರವಲ್ಲ ಎಂಬ ತೀರ್ಮಾನ.

ಇದೇ ಹೊತ್ತಿನಲ್ಲಿ ಫೋರ್ಡ್ ಕಂಪನಿಯ ‘ಪಿಂಟೊ’ ಎಂಬ ಸಣ್ಣ ಕಾರು ರಸ್ತೆಗಳಲ್ಲಿ ಓಡುತ್ತಿತ್ತು. ಜಪಾನ್ ಮತ್ತು ಜರ್ಮನಿಯ ಅಗ್ಗದ ಕಾರುಗಳಿಗೆ ಎದುರಾಗಿ ಲೀ ಅಯಕೋಕಾ ಅವರ ಮುಂದಾಳತ್ವದಲ್ಲಿ ಬಂದ ಕಾರು ಅದು. ತೂಕ 2,000 ಪೌಂಡ್ ಮೀರಬಾರದು, ಬೆಲೆ 2,000 ಡಾಲರ್ ಮೀರಬಾರದು ಎಂಬುದು ಕಟ್ಟಪ್ಪಣೆ. ಪೆಟ್ರೋಲ್ ಟ್ಯಾಂಕನ್ನು ಹಿಂದಿನ ಆಕ್ಸಲ್‌ನ ಹಿಂದೆ, ಬಂಪರಿಗೆ ಹತ್ತಿರದಲ್ಲಿ ಕೂರಿಸಿದ್ದರು. ಹಿಂದಿನಿಂದ ಇನ್ನೊಂದು ವಾಹನ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ಒತ್ತಿಕೊಂಡು ಆಕ್ಸಲ್ ಮೇಲಿನ ಬೋಲ್ಟುಗಳಿಗೆ ಚುಚ್ಚಿ ತೂತಾಗುತ್ತಿತ್ತು. ಪೆಟ್ರೋಲ್ ತುಂಬುವ ಕೊಳವೆ ಕಿತ್ತುಬರುತ್ತಿತ್ತು. ಗಂಟೆಗೆ 32 ಕಿಲೋಮೀಟರ್ ಆಸುಪಾಸಿನ ವೇಗದಲ್ಲೇ ಹೀಗಾಗುವುದನ್ನು ಕಂಪನಿಯ ಸ್ವಂತ ಪರೀಕ್ಷೆಗಳು ತೋರಿಸಿದ್ದವು. ಕಾರಿನ ಹಿಂಭಾಗವನ್ನು ಗಟ್ಟಿ ಮಾಡಿ, ಆಕ್ಸಲನ್ನು ನಯಗೊಳಿಸಿ, ಒಳ್ಳೆಯ ಬಂಪರ್ ಹಾಕಲು ತಗಲುತ್ತಿದ್ದುದು 15.30 ಡಾಲರ್. ಅಷ್ಟು ಮಾಡಿದ್ದರೆ ಗಂಟೆಗೆ 55ರಿಂದ 60 ಕಿಲೋಮೀಟರ್ ವೇಗದ ಡಿಕ್ಕಿಯನ್ನೂ ಟ್ಯಾಂಕ್ ತಾಳುತ್ತಿತ್ತೆಂದು ಮುಂದೆ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ತನ್ನ ತೀರ್ಪಿನಲ್ಲಿ ದಾಖಲಿಸಿತು.

ಆ ತೀರ್ಪಿಗೆ ಕಾರಣವಾದ ಅಪಘಾತ ನಡೆದದ್ದು 1972ರಲ್ಲಿ. ಹೆದ್ದಾರಿಯಲ್ಲಿ ಇದ್ದಕ್ಕಿದ್ದಂತೆ ನಿಂತುಹೋದ ಒಂದು ಪಿಂಟೊ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಕಾರು ಓಡಿಸುತ್ತಿದ್ದ ಮಹಿಳೆ ಸುಟ್ಟಗಾಯಗಳಿಂದ ತೀರಿಕೊಂಡರು. ಜೊತೆಗಿದ್ದ 13 ವರ್ಷದ ಹುಡುಗ ಬದುಕುಳಿದರೂ ಅವನ ಮುಖ, ಮೈ ಸುಟ್ಟುಹೋಗಿತ್ತು. ವರ್ಷಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. 1978ರಲ್ಲಿ ತೀರ್ಪುಗಾರರ ಮಂಡಳಿ ಪರಿಹಾರದ ಜೊತೆಗೆ 12.5 ಕೋಟಿ ಡಾಲರ್ ದಂಡನಾ ಮೊತ್ತ ವಿಧಿಸಿತು. ನ್ಯಾಯಾಧೀಶರು ಅದನ್ನು 35 ಲಕ್ಷಕ್ಕೆ ಇಳಿಸಿದರು; 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಜನರ ನೆನಪಿನಲ್ಲಿ ಈ ಎರಡು ಕಥೆಗಳು ಕಲಸಿಹೋಗಿವೆ. 1977ರಲ್ಲಿ ‘ಮದರ್ ಜೋನ್ಸ್’ ಪತ್ರಿಕೆಯಲ್ಲಿ ಮಾರ್ಕ್ ಡೌವಿ ಬರೆದ ಲೇಖನ ಆ ಹಾಳೆಯನ್ನು ಬಯಲಿಗೆ ತಂದ ಮೇಲೆ, ಫೋರ್ಡ್ ಪಿಂಟೊ ಗಿರಾಕಿಗಳ ಜೀವಕ್ಕೆ ಬೆಲೆ ಕಟ್ಟಿ ಸಾಯಲು ಬಿಟ್ಟಿತು ಎಂಬ ಮಾತೇ ನಿಂತಿತು. ನಿಜ ಸ್ವಲ್ಪ ಬೇರೆ. ಹಾಳೆ ಪಿಂಟೊ ಬಗ್ಗೆ ಅಲ್ಲ, ಹಿಂದಿನ ಡಿಕ್ಕಿಯ ಬಗ್ಗೆಯೂ ಅಲ್ಲ. ಹೊಸ ಸುರಕ್ಷತಾ ನಿಯಮ ಬೇಡವೆಂದು ವಾದಿಸಲು ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಕೊಟ್ಟ ದಾಖಲೆ ಅದು. ಸಾವಿಗೆ 2 ಲಕ್ಷ ಡಾಲರ್ ಎಂಬ ಬೆಲೆಯನ್ನು ಹಾಕಿದ್ದೂ ಆ ಸಂಸ್ಥೆಯೇ, 1972ರಲ್ಲಿ. ಕಾನೂನು ವಿದ್ವಾಂಸ ಗ್ಯಾರಿ ಶ್ವಾರ್ಟ್ಸ್ 1991ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು. ಫೋರ್ಡ್ ನಿರ್ದೋಷಿ ಎಂದು ಇದರ ಅರ್ಥವಲ್ಲ. ಆದರೆ ನೈತಿಕ ಪ್ರಶ್ನೆ ಒಬ್ಬ ಖಳನಾಯಕನ ಕಥೆಗಿಂತ ದೊಡ್ಡದು: ಸರ್ಕಾರವೇ ಒಪ್ಪಿದ ವಿಧಾನದಲ್ಲಿ ಪ್ರಾಮಾಣಿಕವಾಗಿ ಕೂಡಿ ಕಳೆದರೂ ತಪ್ಪು ಎಲ್ಲಿ ನುಸುಳುತ್ತದೆ?

ಹದಿನೆಂಟನೇ ಶತಮಾನದ ಜೆರೆಮಿ ಬೆಂಥಮ್ ಮತ್ತು ಅವನ ನಂತರ ಬಂದ ಜಾನ್ ಸ್ಟುವರ್ಟ್ ಮಿಲ್ ರೂಪಿಸಿದ ಉಪಯುಕ್ತತಾವಾದದ ಪ್ರಕಾರ, ಎಲ್ಲರ ಸುಖದುಃಖಗಳನ್ನು ಕೂಡಿದಾಗ ಯಾವ ದಾರಿಯಲ್ಲಿ ಹೆಚ್ಚು ಒಳಿತು ಉಳಿಯುತ್ತದೋ ಅದೇ ಸರಿಯಾದ ದಾರಿ. ರಾಜನದ್ದಾಗಲಿ ಕೂಲಿಯವನದ್ದಾಗಲಿ ನೋವು ನೋವೇ. ಇದು ಕಟುಕ ಸಿದ್ಧಾಂತವಲ್ಲ. ಆಸ್ಪತ್ರೆ ಎಲ್ಲಿ ಕಟ್ಟಬೇಕು, ಲಸಿಕೆ ಯಾರಿಗೆ ಮೊದಲು ಕೊಡಬೇಕು ಎಂದು ನಿರ್ಧರಿಸುವಾಗ ಸರ್ಕಾರಗಳು ನಡೆಯುವುದು ಇದೇ ದಾರಿಯಲ್ಲಿ. ಹನ್ನೊಂದು ಡಾಲರನ್ನು ಬೆಂಕಿ ತಡೆಯಲು ಹಾಕುವ ಬದಲು ಬ್ರೇಕಿಗೆ ಹಾಕಿದರೆ ಹೆಚ್ಚು ಜನ ಉಳಿಯಬಹುದು ಎಂಬ ವಾದವನ್ನು ತಳ್ಳಿಹಾಕಲು ಬರುವುದಿಲ್ಲ.

ಆದರೆ ಉಪಯುಕ್ತತಾವಾದಿಯ ಕಣ್ಣಿನಿಂದಲೇ ಆ ಹಾಳೆಯನ್ನು ನೋಡಿದರೂ ಅದು ನಿಲ್ಲುವುದಿಲ್ಲ. ಒಂದು ಸಾವಿನ ಬೆಲೆಯ ಒಳಗೆ ಏನಿತ್ತು? ಬಹುಪಾಲು ಸತ್ತವರು ಮುಂದೆ ದುಡಿಯಬಹುದಾಗಿದ್ದ ಸಂಬಳ. ಉಳಿದದ್ದರಲ್ಲಿ ಅಂತ್ಯಕ್ರಿಯೆಗೆ 900 ಡಾಲರ್, ಸಾಯುವವನ ನೋವು ಮತ್ತು ಯಾತನೆಗೆ 10,000 ಡಾಲರ್. ಬೆಂಕಿಯಲ್ಲಿ ಸಾಯುವವನ ಯಾತನೆ ಅಷ್ಟೇ. ಮಗುವನ್ನು ಕಳೆದುಕೊಂಡ ತಾಯಿಯ ನೋವಿಗೆ ಅಲ್ಲಿ ಜಾಗವೇ ಇರಲಿಲ್ಲ. ಸಂಬಳವೇ ಅಳತೆಗೋಲಾದರೆ ದುಡಿಯುವ ವಯಸ್ಸು ದಾಟಿದವರ ಜೀವ ಅಗ್ಗವಾಗುತ್ತದೆ. ಎಲ್ಲರ ನೋವನ್ನೂ ಸಮನಾಗಿ ಎಣಿಸು ಎಂದ ಬೆಂಥಮ್ ಇದನ್ನು ಒಪ್ಪುತ್ತಿರಲಿಲ್ಲ.

ಇಡೀ ತೀರ್ಮಾನ ನಿಂತಿರುವುದು ಈ ಒಂದು ಅಂಕಿಯ ಮೇಲೆ ಎಂಬುದನ್ನು ಯಾರಾದರೂ ಪರೀಕ್ಷಿಸಬಹುದು. ಒಟ್ಟು ಖರ್ಚಿನಿಂದ ಗಾಯಗಳ ಮತ್ತು ವಾಹನಗಳ ಮೊತ್ತವನ್ನು ಕಳೆದು, ಉಳಿದದ್ದನ್ನು 180ರಿಂದ ಭಾಗಿಸಿದರೆ ಸುಮಾರು 6.9 ಲಕ್ಷ ಡಾಲರ್ ಬರುತ್ತದೆ. ಒಂದು ಜೀವಕ್ಕೆ ಅದಕ್ಕಿಂತ ಹೆಚ್ಚು ಬೆಲೆ ಹಾಕಿದ್ದರೆ ಅದೇ ಹಾಳೆ, ಅದೇ ವಿಧಾನ ‘ಭಾಗವನ್ನು ಹಾಕಿ’ ಎನ್ನುತ್ತಿತ್ತು. ಅಮೆರಿಕದ ಸಾರಿಗೆ ಇಲಾಖೆ ಈಗ ಇಂಥ ಲೆಕ್ಕಗಳಲ್ಲಿ ಬಳಸುವ ಅಂಕಿ 1.3 ಕೋಟಿ ಡಾಲರಿಗೂ ಹೆಚ್ಚು. ಈ ಐವತ್ತು ವರ್ಷಗಳ ಬೆಲೆಯೇರಿಕೆಯನ್ನು ಬಿಟ್ಟು ನೋಡಿದರೂ ಅದು ಹಳೆಯ ಅಂಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಈಗ ಎಣಿಸುವುದು ಸಂಬಳವನ್ನಲ್ಲ. ಅಪಾಯ ಸ್ವಲ್ಪ ಕಡಿಮೆಯಾಗಲು ಜನ ತಮ್ಮ ಜೇಬಿನಿಂದ ಎಷ್ಟು ಕೊಡಲು ಸಿದ್ಧ ಎಂಬುದನ್ನು.

ಈ ಬದಲಾವಣೆ ನಮ್ಮನ್ನು ಹಕ್ಕಿನ ಪ್ರಶ್ನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. 1.25 ಕೋಟಿ ವಾಹನಗಳಿಗೆ 180 ಸಾವು ಎಂದರೆ ಸರಿಸುಮಾರು 70 ಸಾವಿರ ವಾಹನಕ್ಕೆ ಒಂದು. ಕಾರು ಕೊಳ್ಳಲು ಬಂದವರನ್ನು ಅಂಗಡಿಯಲ್ಲೇ ಕೇಳಬಹುದಿತ್ತು: ಇಂಥ ಅಪಾಯ ಇದೆ, 11 ಡಾಲರ್ ಕೊಟ್ಟರೆ ತಪ್ಪುತ್ತದೆ, ಬೇಕೇ? ಕೇಳಲಿಲ್ಲ. ಹಣ ಉಳಿದದ್ದು ಒಬ್ಬರಿಗೆ, ಮೈ ಸುಟ್ಟದ್ದು ಇನ್ನೊಬ್ಬರಿಗೆ. ಕೂಡುವ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಲ್ಲೇ ಇದರ ಮೇಲೆ ಬೆರಳಿಟ್ಟಿದ್ದ. ವಸ್ತುವಿಗೆ ಬೆಲೆ ಇರುತ್ತದೆ, ಬದಲಿ ಸಿಗುತ್ತದೆ. ಮನುಷ್ಯನಿಗೆ ಇರುವುದು ಬೆಲೆಯಲ್ಲ, ಘನತೆ. ಆದ್ದರಿಂದ ಅವನನ್ನು ಇನ್ನೊಬ್ಬರ ಗುರಿಗೆ ಬರೀ ಸಾಧನವಾಗಿ ಬಳಸಕೂಡದು ಎಂಬುದು ಅವನ ನಿಲುವು.

ಹಾಗಾದರೆ ಪೂರ್ತಿ ಸುರಕ್ಷಿತ ಕಾರು ನಮ್ಮ ಹಕ್ಕೇ? ಅಂಥ ಕಾರು ಇಲ್ಲ. ಇದ್ದಿದ್ದರೆ ಯುದ್ಧದ ಟ್ಯಾಂಕಿನಷ್ಟು ತೂಗುತ್ತಿತ್ತು, ಯಾರ ಕೈಗೂ ಎಟುಕುತ್ತಿರಲಿಲ್ಲ. ಹಕ್ಕಿನ ವಾದವನ್ನು ಅಲ್ಲಿಯವರೆಗೆ ಎಳೆದರೆ ಅದು ಹರಿದುಹೋಗುತ್ತದೆ. ಸರಿಯಾಗಿ ಹೇಳಬೇಕೆಂದರೆ, ತಯಾರಿಸಿದವನಿಗೆ ಗೊತ್ತಿರುವ, ಕೊಂಡವನಿಗೆ ಗೊತ್ತಿಲ್ಲದ, ಸಣ್ಣ ಖರ್ಚಿನಲ್ಲಿ ತಪ್ಪಿಸಬಹುದಾದ ಅಪಾಯಕ್ಕೆ ನಮ್ಮನ್ನು ಒಡ್ಡದಿರುವುದು ನಮ್ಮ ಹಕ್ಕು. ಬೈಕು ಹತ್ತುವವನಿಗೆ ಅಪಾಯ ಕಣ್ಣಿಗೆ ಕಾಣುತ್ತದೆ. ಪಿಂಟೊ ಹತ್ತಿದ ಹುಡುಗನಿಗೆ ಬೋಲ್ಟು ಕಾಣುತ್ತಿರಲಿಲ್ಲ. ಅವನು ಆ ಕಾರನ್ನು ಕೊಂಡವನೂ ಅಲ್ಲ.

ಪಿಂಟೊ ವಿಷಯದಲ್ಲಿ ಫೋರ್ಡ್ ಸೋತದ್ದು ಇಲ್ಲಿ. ಕಂಪನಿಗೆ ಲೆಕ್ಕ ಹಾಕುವ ಅಧಿಕಾರ ಇತ್ತು, ಇರಬೇಕು ಕೂಡ. ಹತ್ತಾರು ಸುಧಾರಣೆಗಳಲ್ಲಿ ಯಾವುದು ಮೊದಲು ಎಂದು ಆರಿಸಲು ಬೇರೆ ದಾರಿಯಿಲ್ಲ. ಆದರೆ ತನ್ನದೇ ಪರೀಕ್ಷೆಯಲ್ಲಿ ಕಂಡ ಅಪಾಯವನ್ನು ಮುಚ್ಚಿಟ್ಟು ಮಾರುವ ಅಧಿಕಾರವನ್ನು ಯಾವ ಲೆಕ್ಕವೂ ಕೊಡುವುದಿಲ್ಲ. ಮೊದಲು ಹಕ್ಕಿನ ಗೆರೆ, ಆಮೇಲೆ ಗೆರೆಯ ಒಳಗಿನ ಲೆಕ್ಕ. ಈ ಕ್ರಮ ತಿರುಗುಮುರುಗಾದಾಗ ಒಳ್ಳೆಯ ಉದ್ಯೋಗಿಯೂ ಎಡವುತ್ತಾನೆ.

ಡೆನಿಸ್ ಜಿಯೋಯಾ ಅದಕ್ಕೆ ಸಾಕ್ಷಿ. 1973ರಲ್ಲಿ ಫೋರ್ಡ್‌ನಲ್ಲಿ ದೋಷಪೂರಿತ ವಾಹನಗಳನ್ನು ವಾಪಸ್ ಕರೆಸುವ ವಿಭಾಗ ಅವರ ಕೈಯಲ್ಲಿತ್ತು. ಸುಟ್ಟು ಕರಕಲಾದ ಪಿಂಟೊವನ್ನು ಅವರು ಕಣ್ಣಾರೆ ಕಂಡಿದ್ದರು. ಆದರೂ ವಾಪಸಾತಿ ಬೇಡವೆಂದೇ ಮತ ಹಾಕಿದರು. ಆಗ ಸ್ವತಃ ಪಿಂಟೊ ಓಡಿಸುತ್ತಿದ್ದ ಅವರು ಆಮೇಲೆ ಅದನ್ನು ಸ್ವಂತ ತಂಗಿಗೆ ಮಾರಿದರು. ಮುಂದೆ ಪ್ರಾಧ್ಯಾಪಕರಾಗಿ 1992ರಲ್ಲಿ ಅವರು ಬರೆದ ಲೇಖನದಲ್ಲಿ ವಿವರಿಸಿದಂತೆ, ಮೇಜಿನ ಮೇಲೆ ನೂರಾರು ದೂರುಗಳಿರುವಾಗ ಮನಸ್ಸು ಎರಡೇ ಸಂಗತಿ ಹುಡುಕುತ್ತದೆ: ಒಂದೇ ಬಗೆಯ ಘಟನೆಗಳು ಸಾಕಷ್ಟಿವೆಯೇ, ಕಾರಣ ಒಂದೇ ಎಂದು ತೋರಿಸಬಹುದೇ. ಸಂಖ್ಯೆ ಕಡಿಮೆ ಇತ್ತು, ಕಡತ ಮುಚ್ಚಿತು. ಅಲ್ಲೊಂದು ನೈತಿಕ ಪ್ರಶ್ನೆ ಇದೆ ಎಂದೇ ಆಗ ಅವರಿಗೆ ಹೊಳೆಯಲಿಲ್ಲ.

1978ರ ಜೂನ್‌ನಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಟ್ಯಾಂಕಿಗೂ ಆಕ್ಸಲಿಗೂ ನಡುವೆ ಪ್ಲಾಸ್ಟಿಕ್ ತಡೆ, ಉದ್ದನೆಯ ಕೊಳವೆ: ದುರಸ್ತಿ ಇಷ್ಟೇ.

ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಇಂಥ ವಾಪಸಾತಿಯನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನು ಹೊಣೆ ಮಾಡುತ್ತದೆ. ಆದರೆ ವಾಪಸಾತಿಯ ನಿಯಮ ಜಾರಿಗೆ ಬರುವ ಒಂದು ಮುಖ್ಯ ದಾರಿ, ಒಂದೇ ದೋಷದ ಬಗ್ಗೆ ನಿಗದಿತ ಪ್ರಮಾಣದ ಮಾಲೀಕರು ದೂರು ಕೊಡುವುದು. ಅಂದರೆ ಜಿಯೋಯಾ ಅವರ ಮೇಜಿನ ಮೇಲಿದ್ದ ಎಣಿಕೆ ನಮ್ಮ ಕಾನೂನಿನೊಳಗೂ ಇದೆ. ಕಾರಿನ ಬ್ರೇಕು, ಸ್ಟೇರಿಂಗ್ ಅಥವಾ ಇಂಧನದ ಕೊಳವೆಯಲ್ಲಿ ತಯಾರಿಕೆಯ ದೋಷ ಕಂಡವರು ಗ್ಯಾರೇಜಿನಲ್ಲಿ ಸರಿಮಾಡಿಸಿಕೊಂಡು ಸುಮ್ಮನಾಗದೆ, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದೂರನ್ನೂ ದಾಖಲಿಸಬೇಕು.