ಒಂದು ಸ್ಲೈಡ್, ಒಂದು ಕ್ಷಣ

ಮದುವೆ ಸೀಸನ್ ಹತ್ತಿರ ಬಂದರೆ ಸಾಕು, ಇನ್‌ಸ್ಟಾಗ್ರಾಂನಲ್ಲಿ ಫೋಟೊ ಸ್ಟುಡಿಯೊಗಳ ಪೋಸ್ಟರ್ ಮೆರವಣಿಗೆ ಶುರುವಾಗುತ್ತದೆ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೂರು ಡಬ್ಬಿಗಳು. ಅವುಗಳ ಒಳಗೆ ಕ್ಯಾಂಡಿಡ್ ಫೋಟೊ, ಟ್ರೆಡಿಷನಲ್ ವಿಡಿಯೊ, ಡ್ರೋನ್, ಇಷ್ಟು ಹಾಳೆಯ ಆಲ್ಬಂ, ಜತೆಗೆ ಕ್ಯಾಲೆಂಡರ್ ಉಚಿತ. ಮೇಲಿರುವ ಸ್ಟುಡಿಯೊ ಹೆಸರನ್ನು ಬೆರಳಿನಿಂದ ಮುಚ್ಚಿಬಿಟ್ಟರೆ ಇದು ಯಾರ ಪೋಸ್ಟರ್ ಎಂದು ಹೇಳುವುದು ಕಷ್ಟ. ಎಲ್ಲರ ಪಟ್ಟಿಯೂ ಒಂದೇ ಥರ ಇದ್ದಾಗ, ಹೋಲಿಸಿ ನೋಡಲು ಹೆಣ್ಣಿನ ಮನೆಯವರಿಗೆ ಉಳಿಯುವುದು ಕೊನೆಯ ಸಾಲಿನ ರೇಟು ಮಾತ್ರ. ಹೀಗಾಗಿ ಸ್ಟುಡಿಯೊಗೆ ಬರುವ ಮೆಸೇಜ್‌ಗಳೂ ಒಂದೇ ಥರ: ‘ಲಾಸ್ಟ್ ಎಷ್ಟು ಹೇಳಿ?’

ತುಮಕೂರಿನಲ್ಲಿ ನನ್ನ ಚಿಕ್ಕಪ್ಪನ ಮಗ ಒಂದು ಪುಟ್ಟ ಸ್ಟುಡಿಯೊ ನಡೆಸುತ್ತಾನೆ. ಬಿಇ ತರಗತಿ ಮುಗಿದ ಮೇಲೆ ಅವನ ಪೇಜ್ ನೋಡಿಕೊಳ್ಳುವ ಕೆಲಸ ನನ್ನದು. ‘ಮುಹೂರ್ತದ ಹೊತ್ತಲ್ಲಿ ನಾನು ಎಲ್ಲಿ ನಿಂತ್ಕೋತೀನಿ ಅನ್ನೋದಕ್ಕೆ ಜನ ದುಡ್ಡು ಕೊಡೋದು ಕಣೋ. ಅದು ಈ ಪಟ್ಟಿಯಲ್ಲಿ ಎಲ್ಲಿದೆ?’ ಎಂದು ಅಣ್ಣ ಒಮ್ಮೆ ಕೇಳಿದ. ಅವತ್ತಿನಿಂದ ನಾವು ಪ್ಯಾಕೇಜ್ ಪೋಸ್ಟರ್ ಬಿಟ್ಟು ಕ್ಯಾರೊಸೆಲ್ ಮಾಡತೊಡಗಿದೆವು.

ಕ್ಯಾರೊಸೆಲ್ ಅಂದರೆ ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಾ ನೋಡುವ ಪೋಸ್ಟ್. ಇನ್‌ಸ್ಟಾಗ್ರಾಂ 2017ರಲ್ಲಿ ಇದನ್ನು ತಂದಾಗ ಒಂದು ಪೋಸ್ಟಿಗೆ 10 ಫೋಟೊ ಮಿತಿಯಿತ್ತು, 2024ರಲ್ಲಿ ಅದು 20 ಆಯಿತು. ಜಾಗ ಇದೆ ಎಂದು 20 ಫೋಟೊ ಸುರಿದರೆ ಅದು ಇನ್ನೊಂದು ಆಲ್ಬಂ ಆಗುತ್ತದೆ ಅಷ್ಟೆ. ನಾವು ಇಟ್ಟುಕೊಂಡ ಲೆಕ್ಕ ಬೇರೆ. ಒಂದು ಮದುವೆಗೆ ಏಳು ಸ್ಲೈಡ್. ಒಂದೊಂದು ಸ್ಲೈಡಿನಲ್ಲೂ ಒಂದೇ ಫೋಟೊ, ಒಂದೇ ಘಟನೆ, ಹೆಚ್ಚೆಂದರೆ ಎರಡು ಸಾಲು ಬರಹ. ಮುಂದಿನದು ನೋಡದಿದ್ದರೂ ಆ ಸ್ಲೈಡ್ ಅರ್ಥವಾಗಬೇಕು. ಇದಕ್ಕೊಂದು ಕಾರಣವೂ ಇದೆ. ನೀವು ಮೊದಲ ಫೋಟೊ ನೋಡಿ ಸರಿಸದೆ ಹೋದರೆ, ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಮತ್ತೆ ತಂದು ಎರಡನೇ ಫೋಟೊ ತೋರಿಸುತ್ತದೆ. ಮೊದಲನೆಯದರ ಬಾಲವಾಗಿ ಮಾತ್ರ ಅರ್ಥ ಕೊಡುವ ಫೋಟೊ ಅಲ್ಲಿದ್ದರೆ ಆ ಎರಡನೇ ಅವಕಾಶವೂ ಹೋಯಿತು.

ಕಳೆದ ಸೀಸನ್‌ನಲ್ಲಿ ಮಾಡಿದ ಒಂದು ಮದುವೆಯ ಕ್ಯಾರೊಸೆಲ್ ತೆಗೆದುಕೊಳ್ಳೋಣ. ಮೊದಲ ಸ್ಲೈಡಿಗೆ ವಧು–ವರ ಕ್ಯಾಮೆರಾ ನೋಡಿ ನಗುತ್ತಿರುವ ಫೋಟೊ ಬೇಡ ಎಂದು ಅಣ್ಣ ಹೇಳಿದ. ಅಂಥ ಫೋಟೊ ಎಲ್ಲ ಮದುವೆಯಲ್ಲೂ ಇರುತ್ತದೆ, ನೋಡಿದ ತಕ್ಷಣ ಮುಗಿದೂ ಹೋಗುತ್ತದೆ. ನಾವು ಆರಿಸಿದ್ದು ಅಂತರಪಟದ ಫೋಟೊ. ಬಿಳಿ ಬಟ್ಟೆ, ಅದರ ಮೇಲೆ ಕುಂಕುಮದ ಸ್ವಸ್ತಿಕ, ಈಚೆಗೆ ಮದುಮಗಳ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಜೀರಿಗೆ–ಬೆಲ್ಲ. ಮುಖ ಕಾಣುವುದಿಲ್ಲ. ಕೆಳಗೆ ಒಂದೇ ಸಾಲು: ‘ಪರದೆ ಸರಿಯಲು ಇನ್ನೊಂದು ನಿಮಿಷ.’ ಆಮೇಲೇನಾಯಿತು ಎಂದು ನೋಡಲು ಬೆರಳು ತಾನಾಗಿ ಸರಿಯುತ್ತದೆ.

ಎರಡನೆಯದರಲ್ಲಿ ಬೆಳಗಿನ ಜಾವಕ್ಕೆ ಹೋದೆವು. ಅಜ್ಜಿ ಮೊಮ್ಮಗಳಿಗೆ ಮೊಗ್ಗಿನ ಜಡೆ ಹೆಣೆಯುತ್ತಿದ್ದಾರೆ, ಬಾಯಲ್ಲಿ ಎರಡು ಹೇರ್‌ಪಿನ್. ಮೂರನೆಯದು ಕಾಶಿಯಾತ್ರೆ. ಕೊಡೆ ಹಿಡಿದ ಮದುಮಗ ಛತ್ರದ ಗೇಟಿನ ತನಕ ಬಂದು, ಯಾರಾದರೂ ಕರೆಯಲಿ ಎಂದು ಹಿಂದಕ್ಕೆ ತಿರುಗಿ ನೋಡುತ್ತಿದ್ದಾನೆ. ನಾಲ್ಕನೆಯದರಲ್ಲಿ ಅಂತರಪಟ ಸರಿದಿದೆ, ವರನ ತಲೆಗೂದಲ ತುಂಬಾ ಜೀರಿಗೆ. ಮೊದಲ ಸ್ಲೈಡ್ ಹುಟ್ಟಿಸಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಆರನೇ ಸ್ಲೈಡ್ ಮಾಂಗಲ್ಯಧಾರಣೆಯದು. ಆದರೆ ಅದರಲ್ಲಿ ತಾಳಿ ಇಲ್ಲ. ಇರುವುದು ಡೋಲು ಬಾರಿಸುವವರ ಮುಖ. ಕೋಲು ಗಾಳಿಯಲ್ಲಿದೆ, ಕಣ್ಣು ಪುರೋಹಿತರ ಎತ್ತಿದ ಬೆರಳಿನ ಮೇಲಿದೆ. ಬೆರಳು ಅಲುಗಿದ ತಕ್ಷಣ ಗಟ್ಟಿಮೇಳ. ತಾಳಿ ಕಟ್ಟುವ ಗಳಿಗೆಯಲ್ಲಿ ವೇದಿಕೆ ಮೇಲೆ ನೆಂಟರು ಮುಗಿಬೀಳುತ್ತಾರೆ, ಮೇಲಿಂದ ಅಕ್ಷತೆ ಸುರಿಯುತ್ತದೆ, ಎಲ್ಲ ಕ್ಯಾಮೆರಾಗಳೂ ಒಂದೇ ಕಡೆ ತಿರುಗಿರುತ್ತವೆ. ಅಣ್ಣ ತಾಳಿಯ ಕಡೆಗೆ ತನ್ನ ಜತೆಗಾರನನ್ನು ನಿಲ್ಲಿಸಿ, ತಾನು ಓಲಗದವರ ಪಕ್ಕಕ್ಕೆ ಹೋಗಿದ್ದ. ಪಟ್ಟಿಯಲ್ಲಿ ‘ಇಬ್ಬರು ಫೋಟೊಗ್ರಾಫರ್’ ಎಂದು ಬರೆದರೆ ಅದೊಂದು ಸಂಖ್ಯೆ. ಆ ಇಬ್ಬರಿಂದ ಏನು ಸಿಗುತ್ತದೆ ಎಂಬುದನ್ನು ಈ ಸ್ಲೈಡ್ ತೋರಿಸುತ್ತದೆ.

ಇಂಥ ಫೋಟೊದಲ್ಲಿ ಕೈಚಳಕವೂ ಅಡಗಿರುತ್ತದೆ. ಛತ್ರದ ಕೆಲವು ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, ಆದರೆ ಬೀಳುವ ಅಕ್ಕಿಕಾಳನ್ನು ನಿಲ್ಲಿಸಿ ಹಿಡಿಯಲು ಶಟರ್ ವೇಗ ಹೆಚ್ಚಿಸಿದರೆ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಬರಬಹುದು. ಹಾಗಾಗಿ ಅಣ್ಣ ಮುಹೂರ್ತಕ್ಕೆ ಒಂದು ಗಂಟೆ ಮೊದಲೇ ಖಾಲಿ ವೇದಿಕೆಯ ನಾಲ್ಕು ಫೋಟೊ ತೆಗೆದು ನೋಡಿಕೊಳ್ಳುತ್ತಾನೆ. ನೀವು ಯಾವುದಾದರೂ ಸ್ಟುಡಿಯೊದ ಪೇಜ್ ನೋಡುವಾಗ ಅಕ್ಷತೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕಾಳುಗಳು ಬಿಡಿಬಿಡಿಯಾಗಿವೆಯೇ, ಹಿಂದಿನ ಗೋಡೆಯಲ್ಲಿ ಪಟ್ಟಿಗಳಿಲ್ಲವೇ ಎಂಬುದರಲ್ಲಿ ಕೆಲಸಗಾರ ಗೊತ್ತಾಗುತ್ತಾನೆ.

ಐದನೇ ಸ್ಲೈಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಮದುಮಗಳಿಗೆ ತಂದೆ ಇರಲಿಲ್ಲ. ಧಾರೆ ಎರೆಯಲು ಸೋದರಮಾವ–ಅತ್ತೆ ಕುಳಿತಿದ್ದರು. ತಾಯಿ ಸಂಪ್ರದಾಯದ ಹೆಸರಿನಲ್ಲಿ ಕಂಬದ ಮರೆಗೆ ನಿಂತಿದ್ದರು. ಹಿಂದಿನ ದಿನ ವರಪೂಜೆಯಲ್ಲೂ ಅವರು ಅಲ್ಲೇ ನಿಂತಿದ್ದನ್ನು ಅಣ್ಣ ಗಮನಿಸಿದ್ದ. ಅದಕ್ಕೇ ಧಾರೆಯ ಹೊತ್ತಿಗೆ ವೇದಿಕೆಯೂ ಕಂಬವೂ ಒಟ್ಟಿಗೆ ಕಾಣುವ ಮೂಲೆ ಹಿಡಿದಿದ್ದ. ಮಾವ ತಂಬಿಗೆ ಎತ್ತಿದವರು ಒಂದು ಕ್ಷಣ ನಿಲ್ಲಿಸಿ, ‘ಅಕ್ಕಾ, ಬಾ ಇಲ್ಲಿ’ ಎಂದರು. ಆಕೆ ಬಂದರು. ಫೋಟೊದಲ್ಲಿರುವುದು ನಾಲ್ಕು ಜನರ ಕೈ, ಮೇಲೆ ತಂಬಿಗೆ, ತಂಬಿಗೆಗೆ ತಾಗಿದ ಬಳೆಯಿಲ್ಲದ ಐದನೆಯ ಕೈ.

ಇಂಥ ಫೋಟೊ ಕೈಯಲ್ಲಿದ್ದಾಗ ಅದನ್ನು ಹಾಕಲೇಬೇಕು ಎನ್ನಿಸುತ್ತದೆ. ಆದರೆ ಮದುವೆಗೆ ಫೋಟೊ ತೆಗೆಯಲು ಕರೆದವರು ಅದನ್ನು ಊರಿಗೆಲ್ಲ ತೋರಿಸಿ ಎಂದು ಹೇಳಿರುವುದಿಲ್ಲ. ಅಣ್ಣನ ಪದ್ಧತಿ ಹೀಗಿದೆ: ಬುಕಿಂಗ್ ಆಗುವಾಗಲೇ ಒಂದು ಮಾತು ಕೇಳುತ್ತಾನೆ, ಹಾಕುವ ಮುನ್ನ ಆರಿಸಿದ ಏಳನ್ನೂ ಬರಹದ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ, ಅಳುವ ಮುಖ ಅಥವಾ ಮನೆಯ ಒಳಸಂಗತಿ ಇದ್ದರೆ ಆ ವ್ಯಕ್ತಿಯನ್ನೇ ಕೇಳುತ್ತಾನೆ. ಮದುಮಗಳ ಒಪ್ಪಿಗೆ ಅವಳ ತಾಯಿಯ ಒಪ್ಪಿಗೆ ಆಗುವುದಿಲ್ಲ. ಆಗ ಆ ಸ್ಲೈಡಿನ ಕರಡಿನಲ್ಲಿ ‘ತಂದೆಯಿಲ್ಲದ ಮಗಳಿಗೆ ಧಾರೆ’ ಎಂಬ ಸಾಲಿತ್ತು. ತಾಯಿ ಫೋನ್ ಮಾಡಿದರು. ‘ಫೋಟೊ ಹಾಕಪ್ಪ, ನಂಗೂ ಇಷ್ಟ. ಆದ್ರೆ ಅವಳನ್ನ ಇಲ್ಲದವಳು ಅಂತ ಬರೀಬೇಡ’ ಎಂದರು. ಕೊನೆಗೆ ಹೋದ ಸಾಲು ಇದು: ‘ಧಾರೆ ಎರೆದದ್ದು ಸೋದರಮಾವ. ತಂಬಿಗೆಗೆ ಇನ್ನೊಂದು ಕೈ ಅಮ್ಮನದು.’ ಕಂಡದ್ದನ್ನು ಮಾತ್ರ ಹೇಳುವ ಈ ಸಾಲು ಮೊದಲಿನದಕ್ಕಿಂತ ಗಟ್ಟಿಯಾಗಿತ್ತು. ಅಂದಿನಿಂದ ಬರಹದಲ್ಲಿ ‘ಭಾವುಕ ಕ್ಷಣ’, ‘ಮರೆಯಲಾಗದ ನೆನಪು’ ಥರದ ಮಾತು ಬಂದರೆ ಹೊಡೆದುಹಾಕಿ, ಯಾರು ಏನು ಮಾಡಿದರು ಎಂಬುದನ್ನಷ್ಟೇ ಉಳಿಸುತ್ತೇವೆ.

ಏಳನೇ ಸ್ಲೈಡ್‌ನಲ್ಲಿ ಹೆಣ್ಣೊಪ್ಪಿಸುವ ಫೋಟೊ ಇರುತ್ತದೆ ಎಂದು ಎಲ್ಲರೂ ಊಹಿಸುತ್ತಾರೆ. ನಾವು ಹಾಕಿದ್ದು ಕಾರು ಹೋದ ಮೇಲಿನ ಛತ್ರ. ಸಾಲಾಗಿ ಮಡಚಿಟ್ಟ ಕುರ್ಚಿಗಳು, ನೆಲದ ಮೇಲೆ ಅಕ್ಷತೆ, ಅದನ್ನು ಗುಡಿಸುತ್ತಿರುವ ಹೆಂಗಸು. ಅವರ ಒಪ್ಪಿಗೆಯನ್ನೂ ಅಣ್ಣ ಕೇಳಿದ್ದ.

ಕೆಲಸ ಕೆಡುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲಿ. ಮೊದಲ ಫೋಟೊ ಯಾವ ಆಕಾರದಲ್ಲಿದೆಯೋ ಉಳಿದವನ್ನೂ ಇನ್‌ಸ್ಟಾಗ್ರಾಂ ಅದೇ ಆಕಾರಕ್ಕೆ ಕತ್ತರಿಸುತ್ತದೆ. ಉದ್ದನೆಯ ಮೊದಲ ಸ್ಲೈಡಿನ ಹಿಂದೆ ಅಡ್ಡ ಫೋಟೊ ಇಟ್ಟರೆ ಅಂಚಿನಲ್ಲಿದ್ದ ಅಮ್ಮನೇ ಮಾಯವಾಗಬಹುದು. ಅದಕ್ಕೇ ಏಳನ್ನೂ ಮೊದಲೇ 1080 × 1350 ಪಿಕ್ಸೆಲ್‌ಗೆ ನಾವೇ ಕತ್ತರಿಸಿಕೊಳ್ಳುತ್ತೇವೆ. ಅಕ್ಷರಗಳನ್ನು ಫೋನಿನಲ್ಲಿ, ಕೈ ಉದ್ದದ ದೂರದಿಂದ ಓದಿ ನೋಡುತ್ತೇವೆ. ಆಮೇಲೆ ಒಂದು ಪರೀಕ್ಷೆ: ಒಂದೊಂದೇ ಸ್ಲೈಡನ್ನು ಮದುವೆಗೆ ಹೋಗದವರಿಗೆ ತೋರಿಸಿ, ‘ಇಲ್ಲಿ ಏನಾಗ್ತಿದೆ?’ ಎಂದು ಕೇಳುವುದು. ಎರಡು ಘಟನೆ ಹೇಳಿದರೆ ಸ್ಲೈಡ್ ತುಂಬಿಹೋಗಿದೆ ಎಂದರ್ಥ. ‘ಚೆನ್ನಾಗಿದೆ’ ಎಂದು ಸುಮ್ಮನಾದರೆ ಅದರಲ್ಲಿ ಕಥೆ ಇಲ್ಲ. ನಮ್ಮ ಮನೆಯಲ್ಲಿ ಈ ಪರೀಕ್ಷಕಿ ನನ್ನ ಅಜ್ಜಿ.

ಹಾಗಾದರೆ ರೇಟು? ಮದುವೆ ಖರ್ಚಿನ ಲೆಕ್ಕ ಹಾಕುತ್ತಿರುವ ಮನೆಯವರಿಗೆ ಅದು ಬೇಕೇ ಬೇಕು. ಮುಚ್ಚಿಟ್ಟರೆ ಅನುಮಾನ ಹುಟ್ಟುತ್ತದೆ. ಕ್ಯಾರೊಸೆಲ್ ಆ ಕೆಲಸ ಮಾಡಲಾರದು. ನಾವು ಪ್ರೊಫೈಲ್‌ನಲ್ಲಿ ಆರಂಭಿಕ ದರ ಎಷ್ಟು ಎಂದು ಬರೆದಿದ್ದೇವೆ, ಮೆಸೇಜ್ ಮಾಡಿದವರಿಗೆ ಪೂರ್ತಿ ಪಟ್ಟಿ ಕಳಿಸುತ್ತೇವೆ. ಎಷ್ಟು ಹಾಳೆ, ಎಷ್ಟು ದಿನದಲ್ಲಿ ಆಲ್ಬಂ ಕೈಗೆ ಬರುತ್ತದೆ, ಎಷ್ಟು ಮುಂಗಡ ಎಂಬುದೆಲ್ಲ ಅದರಲ್ಲಿದೆ. ರೇಟಿನ ಚೌಕಾಸಿ ಈಗಲೂ ನಡೆಯುತ್ತದೆ, ಕಡಿಮೆ ದರ ಹೇಳಿದವರ ಕಡೆಗೆ ಹೋಗುವವರೂ ಇದ್ದಾರೆ.

ಪೋಸ್ಟ್ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ನಾನು ಲೈಕ್ ಎಣಿಸುವುದಿಲ್ಲ. ಲೈಕ್ ಬಹುಪಾಲು ಮದುಮಕ್ಕಳ ನೆಂಟರದ್ದು. ಬರುವ ಮೆಸೇಜಿನ ಮೊದಲ ಸಾಲು ಏನಿದೆ ಎಂದು ನೋಡುತ್ತೇನೆ. ಆ ಪೋಸ್ಟ್ ಹಾಕಿದ ವಾರ ತಿಪಟೂರು ಕಡೆಯ ಒಬ್ಬಳು ಬರೆದಿದ್ದಳು: ‘ಐದನೇ ಫೋಟೊ ನೋಡಿದೆ. ನಂಗೂ ಧಾರೆ ಎರೆಯೋದು ಮಾವಾನೇ. ಅಮ್ಮ ಎಲ್ಲಿ ನಿಂತ್ಕೋಬೇಕು ಅಂತ ಈಗ್ಲೇ ಮಾತಾಡ್ಬೇಕಿತ್ತು. ನಿಮ್ಮ ಡೇಟ್ ಇದ್ಯಾ?’ ರೇಟು ಕೇಳಿದ್ದು ಅವಳ ಮೂರನೇ ಮೆಸೇಜಿನಲ್ಲಿ.